ವಾರದ ಸಾಲ, ಬಡ್ಡಿ ಸಾಲ: ಯಾವುದನ್ನು ಮೊದಲು ಮುಗಿಸಬೇಕು?

ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಜೂರಿ ಬರುವುದು ವಾರಕ್ಕೊಮ್ಮೆ. ವಾರದ ಸಾಲ ಅಲ್ಲಿ ಸುಲಭವಾಗಿ ಬೇರೂರುವುದೂ ಅದಕ್ಕೇ. ಮಹಿಳಾ ಸಂಘಗಳ ಲೆಕ್ಕ ಬರೆಯುವಾಗ ನಾನು ಬಡ್ಡಿ ದರ ಕೇಳುವುದಿಲ್ಲ. ಕೈಗೆ ಎಷ್ಟು ರೊಕ್ಕ ಬಂತು, ಎಷ್ಟು ಕಂತು, ಒಂದೊಂದು ಕಂತು ಎಷ್ಟು? ಈ ಮೂರು ಗೊತ್ತಾದರೆ ದರ ತಾನಾಗಿ ಹೊರಬೀಳುತ್ತದೆ.

ಹತ್ತು ಸಾವಿರದ ವಾರದ ಸಾಲ ಅಂದರೆ 1,500 ಮುರಿದುಕೊಂಡು 8,500 ಕೊಡುತ್ತಾರೆ, ಹತ್ತು ವಾರ ಸಾವಿರದಂತೆ ಕಟ್ಟಬೇಕು. "ಹದಿನೈದು ಪರ್ಸೆಂಟ್ ಅಷ್ಟೇ" ಎನ್ನುತ್ತಾರೆ. ಮೊಬೈಲಿನ ಶೀಟ್‌ನಲ್ಲಿ ಇದನ್ನು ಹಾಕಿ ನೋಡಿ:

```
=RATE(10,-1000,8500)*52
```

ವರ್ಷಕ್ಕೆ ಸುಮಾರು 160 ಪರ್ಸೆಂಟ್ ಬರುತ್ತದೆ. ಅಸಲು ವಾರವಾರವೂ ಕರಗುತ್ತಿದ್ದರೂ ಬಡ್ಡಿಯನ್ನು ಪೂರ್ತಿ ಹಣದ ಮೇಲೆ ಮೊದಲೇ ಮುರಿದುಕೊಂಡಿರುತ್ತಾರೆ.

ನಿಜವಾದ ಗುಂಡಿ ಆರನೇ ವಾರದಲ್ಲಿದೆ. ಬಾಕಿ 4,000 ಇರುವಾಗಲೇ "ಹೊಸದು ತಗೊಳ್ರಿ" ಎಂದು ಮತ್ತೆ ಹತ್ತು ಸಾವಿರ ಬರೆದು, ಬಾಕಿ 4,000 ಮತ್ತು 1,500 ಮುರಿದು 4,500 ಕೈಗಿಡುತ್ತಾರೆ. ಮುಂದಿನ ನಾಲ್ಕು ಕಂತು ಹೇಗೂ ಕಟ್ಟಲೇಬೇಕಿತ್ತು. ಹೊಸದಾಗಿ ಸೇರಿದ್ದು ಅದರ ನಂತರದ ಆರು ಕಂತು, ಅಂದರೆ 4,500ಕ್ಕೆ 6,000. ಇದರ ದರ ವರ್ಷಕ್ಕೆ ಸುಮಾರು 205 ಪರ್ಸೆಂಟ್.

ಇಷ್ಟು ದುಬಾರಿ ಸಾಲವನ್ನು ಬೇರೆ ಸಾಲ ತಂದು ಮೊದಲು ತೀರಿಸಬೇಕು ಎಂದು ಅನಿಸುವುದು ಸಹಜ. ಆದರೆ ಅದು ತಪ್ಪು. ಬಡ್ಡಿ ಆಗಲೇ ಕೊಟ್ಟಾಗಿದೆ. ಅವಧಿಗೆ ಮೊದಲು ಕಟ್ಟಿದರೆ ಸಾಲ ಕೊಟ್ಟವರು ಒಂದು ರೂಪಾಯಿಯನ್ನೂ ಬಿಡುವುದಿಲ್ಲ. ಉಳಿದ ಕಂತು ಮುಗಿಸಿ, ಹೊಸದನ್ನು ಮಾತ್ರ ತೆಗೆದುಕೊಳ್ಳಬಾರದು.

ಸಂಘದ ಸಾಲದಿಂದ ತೀರಿಸಬೇಕಾದದ್ದು ತಿಂಗಳ ಬಡ್ಡಿಯ ಕೈಸಾಲ. ನೂರಕ್ಕೆ ಐದರಂತೆ 20,000 ಇದ್ದರೆ ತಿಂಗಳಿಗೆ ಸಾವಿರ ಬಡ್ಡಿ. ಇಪ್ಪತ್ತು ತಿಂಗಳು ಕಟ್ಟಿದರೂ ಅಸಲು ಹಾಗೇ ಇರುತ್ತದೆ. ಸಂಘದಲ್ಲಿ ನೂರಕ್ಕೆ ಒಂದರಂತೆ ಅದೇ 20,000 ತೆಗೆದರೆ, ತಿಂಗಳಿಗೆ ಸಾವಿರ ಅಸಲು, ಜೊತೆಗೆ ಮೊದಲ ತಿಂಗಳು 200 ಬಡ್ಡಿ. ಅದೂ ತಿಂಗಳಿಗೆ ಹತ್ತು ರೂಪಾಯಿ ಇಳಿಯುತ್ತದೆ. ಇಪ್ಪತ್ತು ತಿಂಗಳಿಗೆ ಒಟ್ಟು ಬಡ್ಡಿ 2,100, ಸಾಲವೂ ಮುಗಿದಿರುತ್ತದೆ. ವಾರದ ಕಂತು ನಿಂತ ಮೇಲೆ ಇದನ್ನು ಹೊರುವುದು ಕಷ್ಟವಲ್ಲ.

ಈ ಹಣ ಮನೆಗೆ ಬಂದರೆ ಖರ್ಚಾಗುತ್ತದೆ, ಎರಡೂ ಸಾಲ ಉಳಿಯುತ್ತವೆ. ಆದ್ದರಿಂದ ಸಂಘದ ಇಬ್ಬರನ್ನು ಕರೆದುಕೊಂಡು ಅಂದೇ ಹೋಗಿ ಕಟ್ಟಿ, ಸಹಿ ಮಾಡಿಕೊಟ್ಟ ಖಾಲಿ ಚೆಕ್, ಬಾಂಡ್ ಪೇಪರ್ ವಾಪಸ್ ತರಬೇಕು. ಚೀಟಿಯಲ್ಲಿ "ಅಸಲು, ಬಡ್ಡಿ ಪೂರ್ತಿ ಮುಟ್ಟಿದೆ" ಎಂದು ತಾರೀಖು ಹಾಕಿಸಿಕೊಳ್ಳಬೇಕು. ಬೆದರಿಸಿದರೆ 2025ರಲ್ಲಿ ಬಂದ ರಾಜ್ಯದ ಕಾನೂನಿನಡಿ ಠಾಣೆಯಲ್ಲಿ ದೂರು ಕೊಡಬಹುದು.

ಮೈಕ್ರೋಫೈನಾನ್ಸ್ ಕಂಪನಿಯ ಸಾಲ ಕೊನೆಗಿರಲಿ. 24 ಪರ್ಸೆಂಟಿನ 50,000ಕ್ಕೆ ಶುಲ್ಕ, ವಿಮೆ ಎಂದು 1,590 ಮುರಿದಿದ್ದರೆ, ತಿಂಗಳಿಗೆ 2,644ರಂತೆ 24 ಕಂತಿಗೆ ನಿಜದರ ವರ್ಷಕ್ಕೆ ಸುಮಾರು 27.5 ಪರ್ಸೆಂಟ್. ತಿಂಗಳಿಗೆ ಐದರಂತೆ ಕೈಸಾಲದ ದರ ವರ್ಷಕ್ಕೆ ಅರವತ್ತು, ಅದಕ್ಕಿಂತ ಇದು ಕಡಿಮೆ. ಅವಧಿಗೆ ಮೊದಲು ತೀರಿಸಿದರೆ ದಂಡ ಹಾಕುವಂತಿಲ್ಲ ಎಂಬುದು 2022ರ ರಿಸರ್ವ್ ಬ್ಯಾಂಕ್ ನಿಯಮ, ಹಾಗಾಗಿ ಕೈಸಾಲ ಮುಗಿದು ರೊಕ್ಕ ಉಳಿದಾಗ ಇದನ್ನು ಮುಗಿಸಬಹುದು.