ಒಂದು ಅರ್ಹತೆ ಕಡಿಮೆ ಇದೆಯೇ? ರಿಕ್ರೂಟರ್‌ಗೆ ಹೀಗೆ ಮೇಲ್ ಬರೆಯಿರಿ

ಪ್ರಕಟಣೆಯಲ್ಲಿ ಕೇಳಿರುವುದೆಲ್ಲ ನಿಮ್ಮಲ್ಲಿದೆ, ಒಂದನ್ನು ಬಿಟ್ಟು. ಆ ಒಂದಕ್ಕೆ ವಿನಾಯಿತಿ ಸಿಗಬಹುದೇ ಎಂದು ಕೇಳುವ ಮೇಲ್‌ಗಳನ್ನು ನೇಮಕಾತಿ ವಿಭಾಗದಲ್ಲಿ ಕುಳಿತು ಬಹಳ ಓದಿದ್ದೇನೆ. ಹೆಚ್ಚಿನವು ಎರಡೇ ಬಗೆ. ‘ಎಸ್‌ಎಪಿ ಕಡ್ಡಾಯವೇ ಸರ್?’ ಎಂಬ ಒಂಟಿ ಸಾಲು ಒಂದು ಬಗೆ. ಪಿಯುಸಿ ಅಂಕಗಳಿಂದ ಆರಂಭವಾಗಿ, ನಡುವೆಲ್ಲೋ ಕೊರತೆಯನ್ನು ಹುದುಗಿಸಿ, ಕ್ಷಮೆ ಕೋರಿ ಮುಗಿಯುವ ಎರಡು ಪುಟದ ಆತ್ಮಕಥೆ ಇನ್ನೊಂದು. ಎರಡಕ್ಕೂ ಸಾಮಾನ್ಯವಾಗಿ ಉತ್ತರ ಹೋಗುವುದಿಲ್ಲ.

ಒಂದು ಉದಾಹರಣೆ ಹಿಡಿದು ಹೋಗೋಣ. ಪೀಣ್ಯದ ಬಿಡಿಭಾಗ ಕಾರ್ಖಾನೆಯೊಂದಕ್ಕೆ ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕು ಎಂದಿಟ್ಟುಕೊಳ್ಳಿ. ಬಿ.ಕಾಂ., ಮೂರು ವರ್ಷದ ಅನುಭವ, ಜಿಎಸ್‌ಟಿ ರಿಟರ್ನ್, ಟಿಡಿಎಸ್, ಜೊತೆಗೆ ಎಸ್‌ಎಪಿ ತಂತ್ರಾಂಶದ ಅನುಭವ ಇರಬೇಕು. ನಿಮಗೆ ನಾಲ್ಕು ವರ್ಷದ ಅನುಭವವಿದೆ, ಆದರೆ ಎಲ್ಲವೂ ಟ್ಯಾಲಿಯಲ್ಲಿ.

1. ಕೇಳಬಹುದಾದ ಅರ್ಹತೆಯೇ ನೋಡಿ

ಕಾನೂನು ಕೇಳುವ ಅರ್ಹತೆಯನ್ನು ಕಂಪನಿ ಸಡಿಲಿಸಲಾರದು. ಫಾರ್ಮಸಿಸ್ಟ್‌ಗೆ ನೋಂದಣಿ, ಬಾಯ್ಲರ್ ನಡೆಸುವವರಿಗೆ ಸಾಮರ್ಥ್ಯ ಪ್ರಮಾಣಪತ್ರ, ಲಾರಿ ಚಾಲಕರಿಗೆ ಪರವಾನಗಿ ಇಂಥವು. ಸರ್ಕಾರಿ ನೇಮಕಾತಿಯ ಅಧಿಸೂಚನೆಗೂ ಈ ಲೇಖನ ಅನ್ವಯಿಸದು. ಅಲ್ಲಿ ಮೇಲ್ ಬರೆದು ವಿನಾಯಿತಿ ಪಡೆಯುವ ದಾರಿಯೇ ಇಲ್ಲ. ತಂತ್ರಾಂಶ, ಅನುಭವದ ವರ್ಷ, ಇಂಥದ್ದೇ ಉದ್ಯಮದ ಹಿನ್ನೆಲೆ ಇವುಗಳ ಬಗ್ಗೆ ಧಾರಾಳವಾಗಿ ಕೇಳಿ. ಇಲ್ಲದಿರುವುದು ಮೂರಿದ್ದರೆ ಮಾತ್ರ ಬೇಡ, ಬೇರೆ ಪ್ರಕಟಣೆ ಹುಡುಕಿ.

2. ಆ ಪದ ಎಲ್ಲೆಲ್ಲಿ ಬಂದಿದೆ?

ಪ್ರಕಟಣೆಯನ್ನು ಪೆನ್ಸಿಲ್ ಹಿಡಿದು ಓದಿ. ‘ಎಸ್‌ಎಪಿ’ ಹುದ್ದೆಯ ಹೆಸರಿನಲ್ಲೇ ಇದ್ದರೆ ಅದೇ ಕೆಲಸ, ಕೇಳುವುದು ವ್ಯರ್ಥ. ದಿನನಿತ್ಯದ ಕೆಲಸಗಳ ವಿವರಣೆಯಲ್ಲಿ, ‘ತಿಂಗಳ ಕೊನೆಯ ಲೆಕ್ಕವನ್ನು ಎಸ್‌ಎಪಿಯಲ್ಲಿ ಮುಗಿಸುವುದು’ ಎಂಬಂತೆ ಬಂದಿದ್ದರೆ ಬಂದ ಮೊದಲ ತಿಂಗಳೇ ಕೆಲಸ ಹೊರುವವರು ಬೇಕಾಗಿದ್ದಾರೆ, ಅವಕಾಶ ಸಣ್ಣದು. ಕೌಶಲಗಳ ಪಟ್ಟಿಯ ತುದಿಯಲ್ಲಿ ಒಮ್ಮೆ ಮಾತ್ರ ಕಂಡರೆ, ಹಳೆಯ ಪ್ರಕಟಣೆಯಿಂದ ನಕಲಾಗಿ ಬಂದಿರುವ ಸಾಧ್ಯತೆಯೇ ಹೆಚ್ಚು. ಕೇಳಲು ಇದೇ ಸೂಕ್ತ ಜಾಗ.

3. ಅರ್ಜಿಗಿಂತ ಮೊದಲೋ, ನಂತರವೋ?

ಆನ್‌ಲೈನ್ ಅರ್ಜಿಯಲ್ಲಿ ‘ಎಸ್‌ಎಪಿ ಅನುಭವ ಎಷ್ಟು ವರ್ಷ?’ ಎಂಬ ಪ್ರಶ್ನೆ ಇದ್ದರೆ ಮೊದಲು ಮೇಲ್ ಕಳುಹಿಸಿ. ಸೊನ್ನೆ ಎಂದು ತುಂಬಿದ ಅರ್ಜಿಯನ್ನು ವ್ಯವಸ್ಥೆಯೇ ಬದಿಗೆ ಸರಿಸಿಬಿಡಬಹುದು. ಅಂಥ ಪ್ರಶ್ನೆ ಇಲ್ಲದಿದ್ದರೆ ಅರ್ಜಿ ಹಾಕಿ, ಅದೇ ದಿನ ಮೇಲ್ ಬರೆಯಿರಿ.

4. ರಿಕ್ರೂಟರ್ ಮುಂದೆ ಕಳುಹಿಸುವಂಥ ಪ್ಯಾರಾ

ಎಡವುವುದು ಇಲ್ಲಿಯೇ. ವಿನಾಯಿತಿ ಕೊಡುವ ಅಧಿಕಾರ ರಿಕ್ರೂಟರ್‌ಗೆ ಸಾಮಾನ್ಯವಾಗಿ ಇರುವುದಿಲ್ಲ. ಅದು ಆ ವಿಭಾಗದ ಮ್ಯಾನೇಜರ್ ಕೈಯಲ್ಲಿರುತ್ತದೆ. ಮೇಲ್ ಚೆನ್ನಾಗಿದ್ದರೆ ರಿಕ್ರೂಟರ್ ಅದರ ಮೂರು ನಾಲ್ಕು ಸಾಲು ಕತ್ತರಿಸಿ, ‘ಇವರನ್ನು ಮಾತಾಡಿಸಬಹುದೇ?’ ಎಂದು ಮ್ಯಾನೇಜರ್‌ಗೆ ಕಳುಹಿಸುತ್ತಾರೆ. ಆ ಸಾಲುಗಳನ್ನು ನೀವೇ ಸಿದ್ಧಪಡಿಸಿ ಕೊಡಬೇಕು. ನಿಮ್ಮನ್ನು ಕಂಡರಿಯದ ಅಕೌಂಟ್ಸ್ ಮ್ಯಾನೇಜರ್ ಅದನ್ನಷ್ಟೇ ಓದಿದರೂ ವಿಷಯ ತಿಳಿಯಬೇಕು.

ಮೊದಲು ಕೊರತೆಯನ್ನು ನೇರವಾಗಿ ಹೇಳಿ: ‘ನಾನು ಎಸ್‌ಎಪಿಯಲ್ಲಿ ಕೆಲಸ ಮಾಡಿಲ್ಲ.’ ‘ಸ್ವಲ್ಪ ಪರಿಚಯವಿದೆ’ ಎಂಬ ಸುತ್ತು ಬೇಡ. ಸಂದರ್ಶನದ ಮೊದಲ ಪ್ರಶ್ನೆಗೇ ಆ ಪರಿಚಯ ಎಷ್ಟೆಂಬುದು ಬಯಲಾಗುತ್ತದೆ. ‘ದುರದೃಷ್ಟವಶಾತ್’, ‘ಕ್ಷಮಿಸಿ’ ಕೂಡ ಬೇಡ.

ಆಮೇಲೆ, ಆ ತಂತ್ರಾಂಶದಿಂದ ಅವರು ಮಾಡಿಸಿಕೊಳ್ಳುವ ಕೆಲಸವನ್ನು ನೀವು ಬೇರೆ ಸಾಧನದಲ್ಲಿ ಮಾಡಿದ್ದೀರಿ ಎಂಬುದನ್ನು ತೋರಿಸಬೇಕು. ‘ಟ್ಯಾಲಿ ಚೆನ್ನಾಗಿ ಗೊತ್ತು’ ಎಂದರೆ ಮ್ಯಾನೇಜರ್‌ಗೆ ಏನೂ ಹೇಳಿದಂತಾಗಲಿಲ್ಲ. ಕಾರ್ಖಾನೆಯಲ್ಲಿ ಎಸ್‌ಎಪಿ ಬೇಕಾಗುವುದು ಯಾವುದಕ್ಕೆ? ಮುಖ್ಯವಾಗಿ ಖರೀದಿ ಬಿಲ್‌ಗೆ. ಖರೀದಿ ಆದೇಶ, ಗೋದಾಮಿಗೆ ಬಂದ ಸರಕಿನ ರಸೀದಿ, ಪೂರೈಕೆದಾರರ ಬಿಲ್ ಈ ಮೂರೂ ಹೊಂದಿದರಷ್ಟೇ ಹಣ ಪಾವತಿ. ಎಸ್‌ಎಪಿಯಲ್ಲಿ ಇದಕ್ಕಾಗಿ MIRO ಎಂಬ ಪರದೆ ಇದೆ. ಇದೇ ತಾಳೆಯನ್ನು ನೀವು ಟ್ಯಾಲಿ ಮತ್ತು ಎಕ್ಸೆಲ್‌ನಲ್ಲಿ ಮಾಡುತ್ತಿದ್ದರೆ ಅದನ್ನು ಬರೆಯಿರಿ, ತಿಂಗಳಿಗೆ ಎಷ್ಟು ಬಿಲ್ ಎಂಬ ಅಂಕಿಯೊಡನೆ. ಪ್ರತಿ ತಿಂಗಳ 14ಕ್ಕೆ ಪೋರ್ಟಲ್‌ನಲ್ಲಿ ಸಿದ್ಧವಾಗುವ GSTR-2B ಪಟ್ಟಿಯನ್ನು ಖರೀದಿ ಲೆಕ್ಕಕ್ಕೆ ತಾಳೆ ಹಾಕಿ, 20ರೊಳಗೆ GSTR-3B ಸಲ್ಲಿಸುವ ಹೊಣೆ ನಿಮ್ಮದಾಗಿದ್ದರೆ ಅದನ್ನೂ ಸೇರಿಸಿ. ತಂತ್ರಾಂಶ ಯಾವುದಾದರೂ ಆ ಆರು ದಿನಗಳ ಒತ್ತಡ ಒಂದೇ ಎಂಬುದು ಮ್ಯಾನೇಜರ್‌ಗೆ ಚೆನ್ನಾಗಿ ಗೊತ್ತು.

‘ನಾನು ಬೇಗ ಕಲಿಯುತ್ತೇನೆ’ ಎಂದು ಎಲ್ಲರೂ ಬರೆಯುತ್ತಾರೆ, ಯಾರೂ ನಂಬುವುದಿಲ್ಲ. ಕಳೆದ ಬಾರಿ ಹೊಸದೇನನ್ನು ಕಲಿತಿರಿ, ಎಷ್ಟು ದಿನದಲ್ಲಿ ಕೆಲಸಕ್ಕೆ ಬಳಸಿದಿರಿ ಎಂಬ ಒಂದು ವಾಕ್ಯ ಸಾಕು. ಈ ಭಯದಲ್ಲೇ ಕೆಲವರು ವಾರಾಂತ್ಯದ ಕೋರ್ಸ್ ಸೇರಿ, ಹೊಳೆಯುವ ಪ್ರಮಾಣಪತ್ರ ಲಗತ್ತಿಸುತ್ತಾರೆ. ಪರದೆಗಳ ಚಿತ್ರ ತೋರಿಸಿ ಕಳುಹಿಸುವ ಆ ಸಂಸ್ಥೆಗಳಿಗೆ ದುಡ್ಡು ಸುರಿಯಬೇಡಿ. ಅಭ್ಯಾಸಕ್ಕೆ ನಿಜವಾದ ಲಾಗಿನ್ ಕೊಡುವ ಕಡೆ ಕಲಿತಿದ್ದರಷ್ಟೇ ಹೇಳಿ, ಅದೂ ‘ತರಬೇತಿ’ ಎಂದು; ‘ಅನುಭವ’ ಎಂದಲ್ಲ.

5. ಮೇಲ್

ವ್ಯವಹಾರ ಇಂಗ್ಲಿಷಿನಲ್ಲೇ ನಡೆಯಬಹುದು. ಅಳತೆ ಮತ್ತು ಅನುಕ್ರಮ ತಿಳಿಯಲೆಂದು ಕನ್ನಡದಲ್ಲಿ ಕೊಟ್ಟಿದ್ದೇನೆ.

> ವಿಷಯ: ಅಕೌಂಟ್ಸ್ ಎಕ್ಸಿಕ್ಯೂಟಿವ್, ಪೀಣ್ಯ – ಎಸ್‌ಎಪಿ ಅರ್ಹತೆಯ ಬಗ್ಗೆ ಒಂದು ಪ್ರಶ್ನೆ
>
> ನಮಸ್ಕಾರ,
>
> ಮೇಲಿನ ಹುದ್ದೆಗೆ ಅರ್ಜಿ ಸಲ್ಲಿಸಬೇಕೆಂದಿದ್ದೇನೆ. ಎಸ್‌ಎಪಿ ಒಂದನ್ನು ಬಿಟ್ಟು ಉಳಿದ ಅರ್ಹತೆಗಳು ನನಗಿವೆ.
>
> ನಾನು ಎಸ್‌ಎಪಿಯಲ್ಲಿ ಕೆಲಸ ಮಾಡಿಲ್ಲ. ನಾಲ್ಕು ವರ್ಷದಿಂದ ಪ್ಯಾಕೇಜಿಂಗ್ ಘಟಕವೊಂದರಲ್ಲಿ, ತಿಂಗಳಿಗೆ ಸುಮಾರು 300 ಖರೀದಿ ಬಿಲ್‌ಗಳನ್ನು ಆದೇಶ ಮತ್ತು ಸರಕು ರಸೀದಿಯೊಡನೆ ತಾಳೆ ನೋಡಿ ಟ್ಯಾಲಿಯಲ್ಲಿ ದಾಖಲಿಸುತ್ತಿದ್ದೇನೆ. GSTR-2B ತಾಳೆ ಮತ್ತು GSTR-3B ಸಲ್ಲಿಕೆ ನನ್ನ ಹೊಣೆ. ಕಳೆದ ವರ್ಷ ಇ-ಇನ್‌ವಾಯ್ಸ್ ವ್ಯವಸ್ಥೆಗೆ ಬದಲಾದಾಗ ಎರಡು ವಾರದಲ್ಲಿ ಆ ಕೆಲಸವನ್ನು ಸ್ವತಂತ್ರವಾಗಿ ನಡೆಸತೊಡಗಿದೆ.
>
> ಈ ಹುದ್ದೆಗೆ ಎಸ್‌ಎಪಿ ಅನುಭವ ಸೇರುವ ಮೊದಲೇ ಇರಬೇಕೇ, ಅಥವಾ ಸೇರಿದ ಮೇಲೆ ಕಲಿಯಲು ಅವಕಾಶವಿದೆಯೇ?
>
> ರೆಸ್ಯೂಮೆ ಲಗತ್ತಿಸಿದ್ದೇನೆ. ನೋಟಿಸ್ ಅವಧಿ 30 ದಿನ.

ಇಷ್ಟೇ. ಹೆಸರು, ಮೊಬೈಲ್ ಸಂಖ್ಯೆ ಹಾಕಿ ಮುಗಿಸಿ. ಕೊನೆಯ ಪ್ರಶ್ನೆಯನ್ನು ಗಮನಿಸಿ: ‘ನನಗೆ ಅವಕಾಶ ಕೊಡುವಿರಾ?’ ಎಂದಿಲ್ಲ. ಹುದ್ದೆಯ ಬಗ್ಗೆ ಕೇಳಿದೆ, ಒಂದೇ ಸಾಲಿನಲ್ಲಿ ಉತ್ತರಿಸಬಹುದು. ನೋಟಿಸ್ ಅವಧಿ ಬರೆದಿದ್ದು ಶಿಷ್ಟಾಚಾರಕ್ಕಲ್ಲ. ರಿಕ್ರೂಟರ್ ಹೇಗೂ ಕೇಳುವ ಪ್ರಶ್ನೆ ಅದು. ‘ಸಂಬಳ ಕಡಿಮೆಯಾದರೂ ಪರವಾಗಿಲ್ಲ’ ಎಂದು ಮಾತ್ರ ಎಂದೂ ಸೇರಿಸಬೇಡಿ. ಕೊರತೆಗೆ ನೀವೇ ಬೆಲೆ ಕಟ್ಟಿ ಕೊಟ್ಟರೆ ಅದನ್ನೇ ಹಿಡಿದು ಚೌಕಾಸಿ ಶುರುವಾಗುತ್ತದೆ.

6. ಉತ್ತರವನ್ನು ಓದುವುದು

ಐದು ಕೆಲಸದ ದಿನ ಕಾಯಿರಿ. ಬಾರದಿದ್ದರೆ ಅದೇ ಮೇಲ್‌ಗೆ ಎರಡು ಸಾಲಿನ ಜ್ಞಾಪನೆ, ಒಂದೇ ಬಾರಿ. ವಾಟ್ಸ್‌ಆ್ಯಪ್ ಹುಡುಕಿಕೊಂಡು ಹೋಗಬೇಡಿ.

‘ಅರ್ಜಿ ಹಾಕಿ, ನೋಡೋಣ’ ಎಂದರೆ ಒಪ್ಪಿಗೆಯಲ್ಲ. ಮ್ಯಾನೇಜರ್ ಬಳಿ ಇನ್ನೂ ಕೇಳಿಲ್ಲ ಎಂದರ್ಥ. ಹಾಕುವುದರಲ್ಲಿ ನಷ್ಟವಿಲ್ಲ, ಹಾಕಿ. ‘ಮ್ಯಾನೇಜರ್ ಜೊತೆ ಮಾತಾಡಿದೆ, ತೊಂದರೆಯಿಲ್ಲ’ ಎಂದು ಫೋನಿನಲ್ಲಿ ಹೇಳಿದರೆ ಧನ್ಯವಾದ ಹೇಳುತ್ತಾ ಆ ಮಾತನ್ನು ಮೇಲ್‌ನಲ್ಲಿ ದಾಖಲಿಸಿ. ಸಂದರ್ಶನ ನಡೆಸುವವರೆಲ್ಲರಿಗೂ ಈ ಮಾತುಕತೆ ತಿಳಿದಿರುವುದಿಲ್ಲ. ಎಸ್‌ಎಪಿ ಮಾತು ಬಂದಾಗ, ‘ಈ ಬಗ್ಗೆ ಮೊದಲೇ ತಿಳಿಸಿದ್ದೇನೆ’ ಎಂದು ನೀವೇ ಹೇಳಿ. ಒಪ್ಪಿಗೆ ಸಿಕ್ಕ ಮೇಲೆಯೂ ಅರ್ಜಿಯ ಪ್ರಶ್ನೆಗೆ ಸೊನ್ನೆ ಎಂದೇ ತುಂಬಿ. ಅದಕ್ಕೆ ಮೊದಲು, ವ್ಯವಸ್ಥೆ ಅರ್ಜಿಯನ್ನು ಬದಿಗೆ ಸರಿಸಿದರೆ ಹೊರತೆಗೆಯುವಿರಾ ಎಂದು ರಿಕ್ರೂಟರ್‌ಗೆ ಒಂದು ಸಾಲು ಬರೆಯಿರಿ. ಅದು ಅವರಿಂದ ಆಗುವ ಕೆಲಸ.