ಸರಾಸರಿ ಎಫ್‌ಪಿಎಸ್ ಒಂದೇ, ಆದರೂ ಅಲ್ಟ್ರಾ ತಡವರಿಸುತ್ತಿತ್ತು

ಗೇಮ್‌ನಲ್ಲಿ ಟೆಕ್ಸ್ಚರ್ ಹೈನಲ್ಲಿಟ್ಟರೆ ಸರಾಸರಿ ಸುಮಾರು 91 ಎಫ್‌ಪಿಎಸ್, ಅಲ್ಟ್ರಾದಲ್ಲಿಟ್ಟರೆ 90. ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: "ಅಲ್ಟ್ರಾದಲ್ಲೇ ಆಡು ಮಾರಾಯಾ, ತಡವರಿಸುತ್ತೆ ಅನ್ನೋದು ನಿನ್ನ ಭ್ರಮೆ." ನಾನು ಸುಮ್ನೆ ರಾಮ್ ಡಬಲ್ ಮಾಡಲು ದುಡ್ಡು ಸುರಿದೆ. ಏನೂ ಬದಲಾಗಲಿಲ್ಲ. ಮುಂದಿನ ಸರದಿ ಹೊಸ ಗ್ರಾಫಿಕ್ಸ್ ಕಾರ್ಡಿನದು. ಅದಕ್ಕೂ ಮೊದಲು ಸರಿಯಾಗಿ ಅಳೆದು ನೋಡೋಣ ಅಂತ ಕೂತೆ.

ಮೊದಮೊದಲು ಒಂದು ಪರ್ಸೆಂಟ್ ಲೋ, ಅಂದರೆ ಅತಿ ನಿಧಾನದ ಒಂದು ಪರ್ಸೆಂಟ್ ಫ್ರೇಮ್‌ಗಳ ಎಫ್‌ಪಿಎಸ್, ಕೈಗೇ ಸಿಗಲಿಲ್ಲ. ಅದೇ ಸೆಟ್ಟಿಂಗ್, ಅದೇ ದಾರಿ, ಆದರೂ ಒಮ್ಮೆ 25, ಇನ್ನೊಮ್ಮೆ 60ರ ಮೇಲೆ. ಪ್ರತಿ ಫ್ರೇಮ್ ಎಷ್ಟು ಹೊತ್ತು ತಗೊಂಡಿತು ಅನ್ನೋ ಗ್ರಾಫ್ ನೋಡಿದಾಗ ಗೊತ್ತಾಯಿತು. ಅರವತ್ತು ಸೆಕೆಂಡಿನ ಓಟದಲ್ಲಿ 5,400 ಫ್ರೇಮ್ ಇದ್ದರೆ, ಒಂದು ಪರ್ಸೆಂಟ್ ಅಂದರೆ ಬರೀ 54. ಅದರಲ್ಲಿ 44 ಫ್ರೇಮ್ ತಲಾ 15 ಮಿಲಿಸೆಕೆಂಡ್, ಉಳಿದ ಹತ್ತು ಶೇಡರ್ ಕಂಪೈಲ್ ಆಗುವಾಗ ತಲಾ 150 ತಗೊಂಡವು ಅನ್ನಿ. ಸರಾಸರಿ 40 ಮಿಲಿಸೆಕೆಂಡ್, ಅಂದರೆ 25 ಎಫ್‌ಪಿಎಸ್! ಇದು ಫ್ರೇಮ್ ಅಳೆಯುವ ಸಾಫ್ಟ್‌ವೇರ್ ಕ್ಯಾಪ್‌ಫ್ರೇಮ್‌ಎಕ್ಸ್‌ನ `1% Low Average`. ಅದೇ ಓಟದ `P1` ಮಾತ್ರ 66ರ ಹತ್ತಿರವೇ ನಿಂತಿರುತ್ತದೆ, ಯಾಕಂದರೆ ಅದು ಗಡಿಯಲ್ಲಿರುವ ಫ್ರೇಮನ್ನಷ್ಟೇ ನೋಡುತ್ತದೆ. ಒಂದು ಓಟದ `P1` ಅನ್ನು ಇನ್ನೊಂದು ಓಟದ ಲೋ ಪಕ್ಕ ಇಟ್ಟು ವಾದ ಮಾಡುವವರು ಜಾಸ್ತಿ.

ಆಮೇಲೆ ಸೆಟ್ಟಿಂಗ್ ಬದಲಿಸಿದಾಗಲೆಲ್ಲ ಗೇಮ್ ಮುಚ್ಚಿ ತೆರೆದೆ, ಶೇಡರ್ ಕಂಪೈಲ್ ಆಗುವ ಮೊದಲ ಓಟವನ್ನು ಎಸೆದೆ. ವಿ-ಸಿಂಕ್, ಫ್ರೇಮ್ ಕ್ಯಾಪ್ ಎರಡೂ ಆಫ್. ಹೈ ಓಟಗಳನ್ನೆಲ್ಲ ಒಟ್ಟಿಗೆ ಮುಗಿಸದೆ ಹೈ, ಅಲ್ಟ್ರಾ, ಮತ್ತೆ ಹೈ, ಮತ್ತೆ ಅಲ್ಟ್ರಾ ಅಂತ ಓಡಿಸಿದೆ. ಕಾರ್ಡ್ ಬಿಸಿಯಾಗುವುದರ ಪರಿಣಾಮ ಎರಡಕ್ಕೂ ಹಂಚಿಹೋಗುತ್ತದೆ, ಅಲ್ವಾ? ಹೈ ಓಟಗಳ ನಡುವಿನ `P1` ವ್ಯತ್ಯಾಸ ಎರಡು ಮೂರು ಎಫ್‌ಪಿಎಸ್‌ಗೆ ಇಳಿಯಿತು. ಹೈಗೂ ಅಲ್ಟ್ರಾಗೂ ಅದಕ್ಕಿಂತ ದೊಡ್ಡ ಅಂತರ ಬಂದರೆ ಮಾತ್ರ ಲೆಕ್ಕಕ್ಕೆ.

ಬಂತು. ಹೈ 68ರ ಆಸುಪಾಸು, ಅಲ್ಟ್ರಾ 49.

ಗ್ರಾಫ್ ಒಂದರ ಮೇಲೊಂದು ಇಟ್ಟೆ. ಸೇತುವೆ ದಾಟುವಲ್ಲಿ ಎರಡರಲ್ಲೂ ಒಂದೇ ಕಡೆ ಮುಳ್ಳು ಎದ್ದಿತ್ತು. ಅದು ಹೊಸ ಜಾಗ ಲೋಡ್ ಆಗುವುದು, ಟೆಕ್ಸ್ಚರ್‌ನ ತಪ್ಪಲ್ಲ. ಆದರೆ ಕ್ಯಾಮೆರಾ ಥಟ್ಟನೆ ತಿರುಗಿಸಿದಾಗ ಅಲ್ಟ್ರಾದಲ್ಲಿ ಮಾತ್ರ 40–50 ಮಿಲಿಸೆಕೆಂಡಿನ ಮುಳ್ಳುಗಳು. ನನ್ನ ಕಾರ್ಡಿನ 8 ಜಿಬಿ ಮೆಮೊರಿ ತುಂಬಿ, ಟೆಕ್ಸ್ಚರ್ ಸಿಸ್ಟಮ್ ರಾಮ್‌ನಿಂದ ಬರಬೇಕಾಗಿತ್ತು ಅನ್ನಿಸಿತು.

ಖಾತ್ರಿಗೆ ಫ್ರೇಮ್ ಕ್ಯಾಪ್ 80ಕ್ಕೆ ಹಾಕಿ ನೋಡಿದೆ. ಗೆರೆ ಸಪಾಟಾಯಿತು, ಮುಳ್ಳು ಹಾಗೇ ಉಳಿಯಿತು. ರೆಸಲ್ಯೂಶನ್ 1440ರಿಂದ 1080ಕ್ಕೆ ಇಳಿಸಿದೆ, ಅಲ್ಟ್ರಾದಲ್ಲೇ. ಮೆಮೊರಿ ಸ್ವಲ್ಪ ಬಿಡುವಾಯಿತು, ಮುಳ್ಳು ಬಹುಪಾಲು ಮಾಯ. ಭ್ರಮೆ ಅಂದವರಿಗೆ ಎರಡೂ ಗ್ರಾಫ್ ಕಳಿಸಿದೆ, ಯಾರೂ ಮಾತಾಡಲಿಲ್ಲ. ಕಾರ್ಡಿನ ದುಡ್ಡು ಉಳಿಯಿತು. ಪ್ರತಿ ಓಟದಲ್ಲೂ ಕ್ಯಾಮೆರಾ ಒಂದೇ ವೇಗದಲ್ಲಿ ಹೇಗೆ ತಿರುಗಿಸಿದೆ ಅನ್ನೋದನ್ನ ಮಾತ್ರ ಸದ್ಯಕ್ಕೆ ಹೇಳಲ್ಲ.