ನಾನು ಟೈಪ್ ಮಾಡದ ಪಾಸ್‌ವರ್ಡ್ ನನ್ನ ಹೊಸ ಫೋನಿಗೆ ಬಂದ ಬಗೆ

ಬೆಳಗಾವಿಯ ಅಂಗಡಿ, ದವಾಖಾನೆ, ಸಣ್ಣ ಕಚೇರಿಗಳಿಗೆ ರೌಟರ್ ಕೂಡಿಸಿ ಕೊಡುವುದು ನನ್ನ ಉದ್ಯೋಗ. ಶಹಾಪುರದ ಒಂದು ಸೀರೆ ಅಂಗಡಿಯ ವೈಫೈ ಅನ್ನು ಎರಡು ವರ್ಷದ ಹಿಂದೆ ನಾನೇ ಹಾಕಿಕೊಟ್ಟಿದ್ದೆ. ಕಳೆದ ಮಳೆಗಾಲದಲ್ಲಿ ಅಲ್ಲಿಯ ಪ್ರಿಂಟರ್ ಕೆಟ್ಟಿದೆಯೆಂದು ಕರೆ ಬಂದು ಹೋದೆ. ಕಿಸೆಯಲ್ಲಿದ್ದುದು ನಾಲ್ಕು ದಿನದ ಹಿಂದೆ ಕೊಂಡ ಹೊಸ ಫೋನು. ಹೊಸ್ತಿಲು ದಾಟುವಷ್ಟರಲ್ಲಿ ಅದರ ಮೇಲ್ತುದಿಯಲ್ಲಿ ವೈಫೈ ಗುರುತು ಮೂಡಿತು. ಆ ಅಂಗಡಿಯ ಪಾಸ್‌ವರ್ಡನ್ನು ಆ ಫೋನಿನಲ್ಲಿ ನಾನು ಒಮ್ಮೆಯೂ ಟೈಪ್ ಮಾಡಿರಲಿಲ್ಲ.

ಗಾದಿಯ ಮೇಲೆ ಕುಳಿತಿದ್ದ ಸಾವಕಾರರಿಗೆ ಅದನ್ನು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, "ತಮ್ಮಾ, ಈ ಪಾಸ್‌ವರ್ಡನ್ನು ನಾನು ಹೊರಗಿನವರಿಗೆ ಹೇಳಿಲ್ಲ. ನಿನ್ನ ಹೊಸ ಫೋನಿಗೆ ಯಾರು ಹೇಳಿದರು?" ಎಂದರು. ಅವರಿಗೆ ಆ ಹೊತ್ತಿನಲ್ಲಿ ಸರಿಯಾದ ಉತ್ತರ ಕೊಡಲು ನನಗೆ ಆಗಲಿಲ್ಲ. ಹಳೆಯ ಫೋನು ಗೂಗಲ್ ಖಾತೆಯಲ್ಲಿ ಇಟ್ಟಿದ್ದ ಬ್ಯಾಕಪ್‌ನಿಂದ ಬಂದಿರಬೇಕು ಎಂದಷ್ಟೇ ಹೇಳಿದೆ. ಮನೆಗೆ ಬಂದ ಮೇಲೆ ಅದನ್ನು ಪೂರ್ತಿ ತಿಳಿದುಕೊಳ್ಳದೆ ಬಿಡಬಾರದು ಅನ್ನಿಸಿತು, ಏಕೆಂದರೆ ಅದು ನನ್ನ ಗುಟ್ಟಲ್ಲ, ಅವರದು.

ಮೊದಲು ಹೊಸ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಉಳಿಸಿಟ್ಟ ನೆಟ್‌ವರ್ಕ್‌ಗಳ ಪಟ್ಟಿ ತೆರೆದೆ. ಎಣಿಸಿದರೆ 63 ಹೆಸರು. ಟಿಳಕವಾಡಿಯ ದವಾಖಾನೆ, ಖಡೇಬಜಾರಿನ ಔಷಧದ ಅಂಗಡಿ, ಒಬ್ಬ ವಕೀಲರ ಕಚೇರಿ, ನನ್ನ ಅತ್ತೆಯ ಮನೆ. ಒಂದು ಹೆಸರನ್ನು ಮುಟ್ಟಿ ಹಂಚಿಕೊಳ್ಳುವ ಗುಂಡಿ ಒತ್ತಿದೆ. ಬೆರಳಚ್ಚು ಕೇಳಿತು, ಕೊಟ್ಟೆ. ಕ್ಯೂಆರ್ ಚೌಕ ಬಂತು, ಅದರ ಕೆಳಗೆ ಪಾಸ್‌ವರ್ಡ್ ಬಿಡಿ ಅಕ್ಷರಗಳಲ್ಲಿ ಓದುವ ಹಾಗೆ ಬಂತು. ಆಂಡ್ರಾಯ್ಡ್ 10ರಿಂದ ಈ ಸೌಲಭ್ಯ ಇದೆ. ಆ ಚೌಕದೊಳಗೆ ಅಡಗಿರುವುದೂ ಸರಳವಾದ ಒಂದು ಸಾಲು:

```
WIFI:T:WPA;S:PARIKSHE;P:kittur1824;;
```

ಇದು ನಾನು ಆಮೇಲೆ ಪರೀಕ್ಷೆಗೆಂದೇ ಹಾಕಿದ ನೆಟ್‌ವರ್ಕಿನದು. `S:` ಮುಂದೆ ಹೆಸರು, `P:` ಮುಂದೆ ಪಾಸ್‌ವರ್ಡ್. ಅಂದರೆ ಬ್ಯಾಕಪ್‌ನಿಂದ ಇಳಿದು ಬಂದದ್ದು ಒಳಗೆ ಹೋಗಲು ಮಾತ್ರ ಸಾಕಾಗುವ ಯಾವುದೋ ಗುರುತಲ್ಲ, ಪಾಸ್‌ವರ್ಡೇ ಇದ್ದಂತೆ ಬಂದಿದೆ. ಹಾಗೆ ನೇರವಾಗಿ ಬಳಸಬಲ್ಲ ಗುಟ್ಟೇ ಬರಬೇಕಾಗುತ್ತದೆ. ವೈಫೈ ಕಾಯಲು ಬಳಕೆಯಲ್ಲಿರುವ ಡಬ್ಲ್ಯುಪಿಎ2 ಪದ್ಧತಿಯಲ್ಲಿ ಹೊಸ ಫೋನು ರೌಟರಿನ ಜೊತೆ ಮಾತಾಡಬೇಕಾದರೆ ಮೂಲ ಪಾಸ್‌ವರ್ಡ್ ಅಥವಾ ಅದರಿಂದ ಹುಟ್ಟಿದ ಕೀಲಿ ಬೇಕೇ ಬೇಕು. ಬ್ಯಾಂಕುಗಳು ಇಡುವ ಹಾಗೆ ಹಿಂದಕ್ಕೆ ತಿರುಗಿಸಲಾಗದ ಗುರುತನ್ನಷ್ಟೇ ಇಟ್ಟುಕೊಂಡರೆ ಇಲ್ಲಿ ಕೆಲಸ ನಡೆಯುವುದಿಲ್ಲ.

ನನ್ನ ಹಳೆಯ ಫೋನು ಬಿದ್ದು ಪರದೆ ಒಡೆದು ಸತ್ತೇ ಹೋಗಿತ್ತು. ಆದ್ದರಿಂದ ಕೇಬಲ್ ಮೂಲಕ ನೇರವಾಗಿ ಬಂದಿರುವ ಸಾಧ್ಯತೆ ಇರಲಿಲ್ಲ. ಆದರೂ ಕಣ್ಣಾರೆ ಕಾಣಬೇಕೆಂದು ಒಂದು ಭಾನುವಾರ ಬಿಡಿ ರೌಟರ್ ಒಂದಕ್ಕೆ `PARIKSHE` ಎಂದು ಹೆಸರಿಟ್ಟು, ಕಪಾಟಿನಲ್ಲಿದ್ದ ಆಂಡ್ರಾಯ್ಡ್ 12ರ ಫೋನನ್ನು ಜೋಡಿಸಿದೆ. ಸಾಮಾನ್ಯವಾಗಿ ಬ್ಯಾಕಪ್ ರಾತ್ರಿ ಫೋನು ಚಾರ್ಜಿಗೆ ಇದ್ದಾಗ, ಯಾರೂ ಬಳಸದಿರುವಾಗ ತಾನಾಗಿ ನಡೆಯುತ್ತದೆ. ಕಾಯುವ ಬದಲು ಕಂಪ್ಯೂಟರಿನಿಂದ ಈ ಆಜ್ಞೆ ಕೊಟ್ಟೆ:

```
adb shell bmgr backupnow com.android.providers.settings
```

ವೈಫೈ ಪಟ್ಟಿಯನ್ನು ಬ್ಯಾಕಪ್‌ಗೆ ಒಪ್ಪಿಸುವುದು ಈ ಸೆಟ್ಟಿಂಗ್ಸ್ ಪ್ಯಾಕೇಜೇ. `Success` ಎಂದು ಬಂತು. ರೌಟರ್ ಆರಿಸಿದೆ, ಫೋನನ್ನು ಫ್ಯಾಕ್ಟರಿ ರಿಸೆಟ್ ಮಾಡಿದೆ, ಮನೆಯ ಬೇರೆ ಇಂಟರ್ನೆಟ್‌ನಲ್ಲಿ ಅದೇ ಗೂಗಲ್ ಖಾತೆಯಿಂದ ಬ್ಯಾಕಪ್ ಇಳಿಸಿದೆ. ಎಲ್ಲಾ ಮುಗಿದ ಮೇಲೆ ರೌಟರ್ ಹಚ್ಚಿದೆ. ಅರ್ಧ ನಿಮಿಷದಲ್ಲಿ ಫೋನು ಏನೂ ಕೇಳದೆ ಅದಕ್ಕೆ ಅಂಟಿಕೊಂಡಿತು.

ಈ ಪ್ರಯೋಗದಲ್ಲಿ ನನಗೆ ಮುಖ್ಯವೆನಿಸಿದ್ದು ನಡುವೆ ಬಂದ ಒಂದು ಪ್ರಶ್ನೆ. ಖಾತೆಯ ಪಾಸ್‌ವರ್ಡ್ ಕೊಟ್ಟ ಮೇಲೆ ಫೋನು ಇನ್ನೊಂದನ್ನು ಕೇಳಿತು: ಹಿಂದಿನ ಫೋನಿನ ಪರದೆಯ ಲಾಕ್ ಸಂಖ್ಯೆ. ಕೊಂಡ ದಿನ ಹೊಸ ಫೋನು ಕೂಡ ಇದನ್ನೇ ಕೇಳಿತ್ತು, ನಾನು ಗಮನವಿಡದೆ ಸಂಖ್ಯೆ ಒತ್ತಿ ಮುಂದೆ ಹೋಗಿದ್ದೆ. ನನ್ನ ಬಳಿಯ ಆಂಡ್ರಾಯ್ಡ್ 8ರ ಹಳೆಯ ಫೋನಿನಲ್ಲಿ ಅದೇ ಪ್ರಯೋಗ ಮಾಡಿದಾಗ ಅದು ಖಾತೆಯ ಪಾಸ್‌ವರ್ಡ್ ಬಿಟ್ಟು ಬೇರೇನನ್ನೂ ಕೇಳಲಿಲ್ಲ.

ಇಷ್ಟೇ ಅಂತರದಲ್ಲಿ ದೊಡ್ಡ ಸಂಗತಿ ಇದೆ. ವೈಫೈ ಪಾಸ್‌ವರ್ಡ್‌ಗಳನ್ನು ಖಾತೆಗೆ ಏರಿಸುವುದು 2010ರ ಆಂಡ್ರಾಯ್ಡ್ 2.2ರಿಂದಲೇ ಇದೆ. ದಾರಿಯಲ್ಲಿ ಕದಿಯಲು ಬಾರದಂತೆ ಅವು ಗೂಢಲಿಪಿಯಲ್ಲೇ ಹೋಗುತ್ತಿದ್ದವು, ಆದರೆ ಅಲ್ಲಿ ತೆರೆಯುವ ಕೀಲಿ ಗೂಗಲ್ ಕಂಪನಿಯ ಕೈಯಲ್ಲಿತ್ತು. ಅಂದರೆ ಬೇಕೆಂದರೆ ಕಂಪನಿ ಓದಬಹುದಿತ್ತು, ಸರ್ಕಾರ ಕೇಳಿದರೆ ಕೊಡಬೇಕಾಗಬಹುದಿತ್ತು. 2013ರಲ್ಲಿ ಇದರ ಬಗ್ಗೆ ಆಕ್ಷೇಪ ಎದ್ದಿತು. 2018ರ ಆಂಡ್ರಾಯ್ಡ್ 9ರಿಂದ ಏರ್ಪಾಡು ಬದಲಾಯಿತು. ಈಗ ಫೋನೇ ಒಂದು ಕೀಲಿಯನ್ನು ಹುಟ್ಟಿಸಿ, ಅದನ್ನು ಪರದೆಯ ಲಾಕ್ ಸಂಖ್ಯೆಯಿಂದ ಮುಚ್ಚಿ ಡೇಟಾ ಕೇಂದ್ರದ ಟೈಟನ್ ಎಂಬ ಭದ್ರತಾ ಚಿಪ್ಪಿಗೆ ಒಪ್ಪಿಸುತ್ತದೆ. ಲಾಕ್ ಸಂಖ್ಯೆ ಗೊತ್ತಿದ್ದವರಿಗೆ ಮಾತ್ರ ಆ ಚಿಪ್ಪು ಕೀಲಿ ಬಿಟ್ಟುಕೊಡುತ್ತದೆ. ತಪ್ಪು ಸಂಖ್ಯೆಗಳನ್ನು ಮತ್ತೆ ಮತ್ತೆ ಪ್ರಯತ್ನಿಸಿದರೆ ಚಿಪ್ಪೇ ಅದನ್ನು ತಡೆಯುತ್ತದೆ.

ಅಂದ ಮೇಲೆ ಶಹಾಪುರದ ಸಾವಕಾರರ ಅಂಗಡಿಯ ಗುಟ್ಟನ್ನು ಕಾಯುತ್ತಿದ್ದುದು ನನ್ನ ಲಾಕ್ ಸಂಖ್ಯೆ. ಅದು ನಾಲ್ಕೇ ಅಂಕಿಯದು, ನನ್ನ ಹುಟ್ಟಿದ ವರ್ಷ. ಚಿಪ್ಪು ಎಷ್ಟೇ ಬಿಗಿಯಾಗಿರಲಿ, ನನ್ನನ್ನು ಬಲ್ಲವರು ಎರಡನೆಯ ಯತ್ನದಲ್ಲೇ ಹೇಳುವ ಸಂಖ್ಯೆ ಅದು. ಆ ರಾತ್ರಿಯೇ ಅದನ್ನು ಎಂಟು ಅಂಕಿಗೆ ಬದಲಿಸಿದೆ, ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿದೆ. ನನ್ನ ಗಿರಾಕಿಗಳಲ್ಲಿ ಎಷ್ಟೋ ಜನ ಫೋನಿಗೆ ಲಾಕನ್ನೇ ಇಡುವುದಿಲ್ಲ. ಲಾಕ್ ಇಲ್ಲದ ಫೋನಿನಲ್ಲಿ ಈ ಎರಡನೆಯ ಬಾಗಿಲು ಇರಲು ಸಾಧ್ಯವೇ ಇಲ್ಲ, ಅದನ್ನು ಮುಚ್ಚುವ ಸಂಖ್ಯೆಯೇ ಇಲ್ಲವಲ್ಲ.

ಒಬ್ಬರ ವೈಫೈ ಪಾಸ್‌ವರ್ಡ್ ಸಿಕ್ಕರೆ ಏನು ಹಾನಿ ಎಂದು ಕೇಳುವವರಿದ್ದಾರೆ. ದೂರದ ಊರಿನಲ್ಲಿ ಕುಳಿತವನಿಗೆ ಅದರಿಂದ ಹೆಚ್ಚೇನೂ ಆಗದು, ರೌಟರಿನ ಅಲೆ ಮುಟ್ಟುವಷ್ಟು ಹತ್ತಿರ ಬರಬೇಕು. ಆದರೆ ಸೀರೆ ಅಂಗಡಿಯ ಎದುರಿನ ಚಹಾದಂಗಡಿಯ ತನಕ ಆ ಅಲೆ ಚೆನ್ನಾಗಿ ಬರುತ್ತದೆ. ಒಳಗೆ ಬಂದವನಿಗೆ ಬಿಲ್ಲಿನ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾದ ದೃಶ್ಯ ಉಳಿಸಿಡುವ ಡಿವಿಆರ್ ಎಲ್ಲ ಒಂದೇ ಸಾಲಿನಲ್ಲಿ ಕಾಣುತ್ತವೆ. ಡಬ್ಲ್ಯುಪಿಎ2ರಲ್ಲಿ ಪಾಸ್‌ವರ್ಡ್ ಬಲ್ಲವನು ಬೇರೊಂದು ಫೋನು ರೌಟರಿಗೆ ಕೂಡುವ ಕ್ಷಣವನ್ನು ಹಿಡಿದರೆ, ಆ ಫೋನಿನ ವೈಫೈ ಸಂಚಾರವನ್ನೂ ಬಿಚ್ಚಬಲ್ಲ. ಬ್ಯಾಂಕಿನ ಆ್ಯಪ್‌ಗಳಿಗೆ ತಮ್ಮದೇ ಇನ್ನೊಂದು ಕವಚ ಇರುತ್ತದೆ, ಹಳೆಯ ಡಿವಿಆರ್‌ಗಳಿಗೆ ಅನೇಕ ವೇಳೆ ಇರುವುದಿಲ್ಲ. ಅದರ ನಂತರದ ಡಬ್ಲ್ಯುಪಿಎ3 ಪದ್ಧತಿ ಈ ಬಿಚ್ಚುವಿಕೆಯನ್ನು ತಡೆಯುತ್ತದೆ, ಆದರೆ ಅಂಗಡಿಯ ರೌಟರ್ ಮತ್ತು ಎಲ್ಲ ಫೋನುಗಳು ಅದನ್ನು ಬಲ್ಲವಾಗಿರಬೇಕು.

ನನ್ನ ಕಡೆಯಿಂದ ಅಳಿಸುವ ಕೆಲಸ ಎರಡು ಕಡೆ ಆಗಬೇಕಿತ್ತು. ಹೊಸ ಫೋನಿನಲ್ಲಿ ಗಿರಾಕಿಗಳ ನೆಟ್‌ವರ್ಕ್‌ಗಳನ್ನು ಒಂದೊಂದಾಗಿ ಮರೆಯುವಂತೆ ಮಾಡಿ, ಕೂಡಲೇ ಬ್ಯಾಕಪ್ ಒತ್ತಿದೆ. ಆಗ ಹೊಸ ಪಟ್ಟಿ ಹಳೆಯದರ ಜಾಗದಲ್ಲಿ ಕೂಡುತ್ತದೆ. ಮರೆಯುವಂತೆ ಮಾಡಿ ಬ್ಯಾಕಪ್ ಆಗುವ ಮೊದಲೇ ಫೋನು ಕೆಟ್ಟರೆ ಹಳೆಯ ಪಟ್ಟಿಯೇ ಉಳಿದಿರುತ್ತದೆ, ಅದಕ್ಕೇ ಕಾಯಬಾರದು. ಎರಡನೆಯದು ಬಹಳ ಜನ ಮರೆಯುವಂಥದ್ದು. ಪ್ರತಿಯೊಂದು ಫೋನಿಗೂ ಖಾತೆಯಲ್ಲಿ ಬೇರೆ ಬೇರೆ ಬ್ಯಾಕಪ್ ಇರುತ್ತದೆ. ಸತ್ತ ಫೋನಿನ ಬ್ಯಾಕಪ್ ಇನ್ನೂ ಅಲ್ಲೇ ಇತ್ತು, 63 ಹೆಸರಿನ ಸಮೇತ. ಫೋನನ್ನು 57 ದಿನ ಬಳಸದಿದ್ದರೆ ಅದು ಅಳಿಸಿಹೋಗಬಹುದು ಎಂದು ಗೂಗಲ್ ಹೇಳುತ್ತದೆ. ಅಷ್ಟು ದಿನ ಬಿಡಲು ನನಗೆ ಮನಸ್ಸಾಗಲಿಲ್ಲ. ಡ್ರೈವ್ ಆ್ಯಪ್‌ನ ಬ್ಯಾಕಪ್ ವಿಭಾಗಕ್ಕೆ ಹೋಗಿ ಕೈಯಾರೆ ಅಳಿಸಿದೆ.

ಆದರೆ ನನ್ನ ಖಾತೆ ಒಂದೇ ಅಲ್ಲ. ಅಂಗಡಿಯ ಪಾಸ್‌ವರ್ಡ್ ಹಾಕಿಕೊಂಡ ಪ್ರತಿಯೊಬ್ಬ ಕೆಲಸದವರ, ಪ್ರತಿಯೊಬ್ಬ ನೆಂಟರ ಖಾತೆಗೂ ಅದು ಏರಿರಬಹುದು. ಏರಿಸಲೋ ಬೇಡವೋ ಎಂಬ ತೀರ್ಮಾನ ಫೋನಿನ ಒಡೆಯನದು, ರೌಟರಿನ ಒಡೆಯನನ್ನು ಯಾರೂ ಕೇಳುವುದಿಲ್ಲ. ಕೆಲಸ ಬಿಟ್ಟು ಹೋದ ಹುಡುಗನ ಖಾತೆಯಿಂದ ಅದನ್ನು ತೆಗೆಯುವ ದಾರಿ ಸಾವಕಾರರಿಗೆ ಇಲ್ಲ. ಅವರ ಕೈಯಲ್ಲಿರುವುದು ಪಾಸ್‌ವರ್ಡ್ ಬದಲಿಸುವುದು. ಬದಲಿಸಿ ಮತ್ತೆ ಎಲ್ಲರಿಗೂ ಹೇಳಿದರೆ ತಿಂಗಳೊಳಗೆ ಮೊದಲಿನ ಸ್ಥಿತಿಯೇ.

ಹೀಗಾಗಿ ಶಹಾಪುರಕ್ಕೆ ಮತ್ತೆ ಹೋಗಿ ಜೋಡಣೆಯನ್ನೇ ಬದಲಿಸಿದೆ. ಬಿಲ್ಲಿನ ಕಂಪ್ಯೂಟರ್ ಮತ್ತು ಡಿವಿಆರ್ ಅನ್ನು ತಂತಿಯಿಂದ ಜೋಡಿಸಿದೆ. ಪ್ರಿಂಟರ್ ಇರುವ ಮುಖ್ಯ ವೈಫೈಗೆ ಹೊಸ ಉದ್ದನೆಯ ಪಾಸ್‌ವರ್ಡ್ ಹಾಕಿದೆ, ಅದನ್ನು ಯಾರ ಮೊಬೈಲಿಗೂ ಕೊಡಲಿಲ್ಲ. ಕೆಲಸದವರ, ಗಿರಾಕಿಗಳ ಮೊಬೈಲುಗಳಿಗೆಂದು ರೌಟರಿನ ಅತಿಥಿ ನೆಟ್‌ವರ್ಕ್ ತೆರೆದು, ಅದರಲ್ಲಿರುವವರಿಗೆ ಒಳಗಿನ ಯಂತ್ರಗಳು ಕಾಣದಂತೆ ಬೇರ್ಪಡಿಸುವ ಆಯ್ಕೆ ಹಾಕಿದೆ. ಅತಿಥಿ ಪಾಸ್‌ವರ್ಡ್ ಯಾವ ಖಾತೆಗೆ ಏರಿದರೂ ಅದರಿಂದ ಬಿಲ್ಲಿನ ಕಂಪ್ಯೂಟರ್ ಮುಟ್ಟಲು ಆಗುವುದಿಲ್ಲ. ಮುಗಿಸಿದ ಮೇಲೆ ಅತಿಥಿ ನೆಟ್‌ವರ್ಕಿನಿಂದ ಡಿವಿಆರ್ ವಿಳಾಸ ತೆರೆಯಲು ನೋಡಿದೆ, ತೆರೆಯಲಿಲ್ಲ. ಕೆಲವು ಅಗ್ಗದ ರೌಟರುಗಳಲ್ಲಿ ಅತಿಥಿ ಎಂಬ ಹೆಸರು ಮಾತ್ರ ಇದ್ದು ಬೇರ್ಪಡೆ ಇರುವುದಿಲ್ಲ, ಹಾಗಾಗಿ ಈ ಪರೀಕ್ಷೆಯನ್ನು ನಾನು ಎಲ್ಲಿಯೂ ಬಿಡುವುದಿಲ್ಲ.

ಹತ್ತಾರು ಸಿಬ್ಬಂದಿ ಇರುವ ಕಡೆ ಒಬ್ಬೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡುವ ಎಂಟರ್‌ಪ್ರೈಸ್ ಪದ್ಧತಿ ಒಳ್ಳೆಯದು. ಆಂಡ್ರಾಯ್ಡಿನ ಬಹಿರಂಗ ಮೂಲ ಸಂಕೇತದಲ್ಲಿ ಬ್ಯಾಕಪ್ ಪಟ್ಟಿ ಕಟ್ಟುವ ಭಾಗವು ಅಂಥ ನೆಟ್‌ವರ್ಕ್‌ಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಒಬ್ಬರು ಕೆಲಸ ಬಿಟ್ಟರೆ ಅವರ ಹೆಸರನ್ನಷ್ಟೇ ಮುಚ್ಚಿದರೆ ಸಾಕು. ಸೀರೆ ಅಂಗಡಿಗೆ ಅದು ಅತಿಯಾಗುತ್ತದೆ ಎಂದು ನಾನು ಅಲ್ಲಿ ಹಾಕಲಿಲ್ಲ.

ಈಗ ಗಿರಾಕಿಗಳ ರೌಟರ್ ಕೂಡಿಸಲು ಗೂಗಲ್ ಖಾತೆಯೇ ಇಲ್ಲದ ಒಂದು ಹಳೆಯ ಫೋನನ್ನು ಬೇರೆ ಇಟ್ಟುಕೊಂಡಿದ್ದೇನೆ. ಖಾತೆ ಇಲ್ಲದಿದ್ದರೆ ಏರಿಸಲು ಜಾಗವಿಲ್ಲ. ಕೆಲಸ ಮುಗಿದು ಹೊರಡುವಾಗ ಗಿರಾಕಿಯ ಎದುರೇ ಆ ನೆಟ್‌ವರ್ಕನ್ನು ಅದರಿಂದ ತೆಗೆಯುತ್ತೇನೆ. ಆ 63ರಲ್ಲಿ ಗಿರಾಕಿಗಳದು 48. ಒಬ್ಬೊಬ್ಬರಿಗೂ ಕರೆ ಮಾಡಿ ನಡೆದದ್ದನ್ನು ಹೇಳಿದೆ. 39 ಕಡೆ ಪಾಸ್‌ವರ್ಡ್ ಬದಲಿಸಿ ಆಗಿದೆ. ಉಳಿದ ಒಂಬತ್ತು ಖಾನಾಪುರ ಮತ್ತು ಬೈಲಹೊಂಗಲದ ಕಡೆಯವು, ವಾರಕ್ಕೆ ಒಂದರಂತೆ ಹೋಗಿ ಬರುತ್ತಿದ್ದೇನೆ.